ಕೋರ್ಸಿನ ಫೀಸು ಕಂಪನಿಯಿಂದ: ಬಾಂಡ್ ಹೀಗೆ ಬರೆಯಿರಿ

"ಕಾಸರಗೋಡಿನಲ್ಲಿ ಅಕೌಂಟ್ಸ್ ಕೆಲಸ. ಜಿಎಸ್‌ಟಿ ಕೋರ್ಸಿಗೆ 60,000 ರೂಪಾಯಿ. ಕಂಪನಿ ಹತ್ತಿರ ಕೇಳ್ಬಹುದಾ? ಎರಡು ವರ್ಷ ಬಿಡುವುದಿಲ್ಲ ಅಂತ ಬರೆದು ಕೊಡ್ಲಾ?"

ಕೇಳಿ. ಆದರೆ ಎರಡು ವರ್ಷ ಅಂತ ಸುಮ್ನೆ ಬರೆದು ಕೊಡಬೇಡಿ. ಉಪ್ಪಳದಲ್ಲಿ ಕೆಲಸ ಮಾಡುವಾಗ ನಾನು ಹಾಗೇ ಸಹಿ ಹಾಕಿದ್ದೆ. ಅಮ್ಮನಿಗೆ ಹುಷಾರಿಲ್ಲದೆ 20ನೇ ತಿಂಗಳಲ್ಲಿ ಬಿಡಬೇಕಾಯ್ತು. ಕಾಗದದಲ್ಲಿ "ಮಧ್ಯದಲ್ಲಿ ಬಿಟ್ಟರೆ ಪೂರ್ತಿ ಹಣ" ಅಂತಿತ್ತು, ಪೂರ್ತಿ ಕಟ್ಟಿದೆ. ಈಗಲೂ ಹೊಟ್ಟೆ ಉರಿಯುತ್ತದೆ.

ನೀವು 24,000 ಹಾಕುತ್ತೇನೆ ಅನ್ನಿ, ಕಂಪನಿಗೆ 36,000. ಅದನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ 1,500. ಕೆಲಸ ಮಾಡಿದ ಒಂದೊಂದು ತಿಂಗಳಿಗೂ ಅಷ್ಟು ಕಳೆಯಬೇಕು ಅಂತ ಬರೆಸಿ. 18 ತಿಂಗಳಾದ ಮೇಲೆ ಬಿಟ್ಟರೆ ವಾಪಸು ಕೊಡುವುದು 9,000 ಮಾತ್ರ. ಲೆಕ್ಕ ಯಾವ ತಾರೀಕಿನಿಂದ ಶುರು ಅಂತಲೂ ಇರಲಿ. ಫೀಸು ಕಟ್ಟಿದ ದಿನವೋ, ಕೋರ್ಸ್ ಮುಗಿದ ದಿನವೋ, ಅದರಲ್ಲೇ ಆರು ತಿಂಗಳ ವ್ಯತ್ಯಾಸ ಬರಬಹುದು. ಕಂಪನಿಯೇ ತೆಗೆದುಹಾಕಿದರೆ ವಸೂಲಿ ಇಲ್ಲ ಅನ್ನುವ ಸಾಲು ಬೇಕೇ ಬೇಕು.

ಅರ್ಜಿಯಲ್ಲಿ ನಿಮ್ಮ ಬೆಳವಣಿಗೆಯ ಮಾತು ಕಡಿಮೆ ಸಾಕು. ಈಗ ರಿಟರ್ನ್ ಫೈಲ್ ಮಾಡಲು ಹೊರಗಿನವರಿಗೆ ತಿಂಗಳಿಗೆ ಎಷ್ಟು ಕೊಡುತ್ತಾರೆ, ಅದರಲ್ಲಿ ಯಾವ ಕೆಲಸ ನೀವೇ ಮಾಡಬಲ್ಲಿರಿ ಅಂತ ಬರೆಯಿರಿ. ಮಾಲೀಕರು ಮೊದಲು ನೋಡುವುದು ಆ ಸಾಲನ್ನೇ ಅಲ್ವಾ.