ಕಂಸಾಳೆ ಡ್ರೆಸ್‌ನ ಬಣ್ಣ ಮತ್ತು ಒಪ್ಪಿಗೆ ಪತ್ರ

ಪ್ರಶ್ನೆ: ಮಂಡ್ಯದ ಖಾಸಗಿ ಶಾಲೆಯೊಂದರಲ್ಲಿ ನಾಲ್ಕನೇ ಕ್ಲಾಸ್‌ಗೆ ಟೀಚರ್ ಆಗಿದ್ದೇನೆ. ಆ್ಯನುಯಲ್ ಡೇ ಕಂಸಾಳೆಗೆ ಬಾಡಿಗೆಗೆ ತಂದ ಡ್ರೆಸ್‌ಗಳು ಒಂದೇ ಬಣ್ಣದವಲ್ಲ. ಸ್ಮರಣ ಸಂಚಿಕೆಗೆ ಹಾಕುವ ಮೊದಲು ಫೋಟೋದಲ್ಲಿ ಸರಿ ಮಾಡಿಸಿ, ಪೋಷಕರಿಗೆ ಒಪ್ಪಿಗೆ ಪತ್ರ ನೀವೇ ಬರೆಯಿರಿ ಎಂದಿದ್ದಾರೆ ಹೆಡ್‌ಮಿಸ್. ಏನೇನು ಬರೆಯಬೇಕು?

ಉತ್ತರ: ಮೈಸೂರಿನ ಶಾಲೆಯೊಂದರಲ್ಲಿ ಸಂಚಿಕೆಯ ಕೆಲಸ ಹಲವು ವರ್ಷಗಳಿಂದ ನನ್ನ ತಲೆಗೇ ಕಟ್ಟಿದೆ, ಹಾಗಾಗಿ ಹೇಳುತ್ತೇನೆ. ಪತ್ರಕ್ಕೆ ಕೂರುವ ಮೊದಲು ಫೋಟೋಗ್ರಾಫರ್ ಜೊತೆ ಕೂತು, ಯಾವ ಫೋಟೋದಲ್ಲಿ ಯಾವ ಮಗುವಿನ ಯಾವ ಬಟ್ಟೆಗೆ ಏನು ಮಾಡಬೇಕು ಎಂದು ಒಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ಇದನ್ನು ಬಿಟ್ಟು ನೇರ ಪತ್ರ ಬರೆದರೆ 'ವೇಷಭೂಷಣದಲ್ಲಿ ಸಣ್ಣಪುಟ್ಟ ತಿದ್ದುಪಡಿ' ಅನ್ನುವ ಸಾಲು ಬಂದೇ ಬರುತ್ತದೆ. ಜಗಳವೆಲ್ಲ ಹುಟ್ಟುವುದು ಆ ಸಾಲಿನಿಂದಲೇ. ಅದರಡಿ ಪಂಚೆಯ ಬಣ್ಣವೂ ಬರುತ್ತದೆ, ಹುಡುಗಿಯ ತೋಳಿಲ್ಲದ ರವಿಕೆಗೆ ತೋಳು ಅಂಟಿಸುವುದೂ ಬರುತ್ತದೆ. ಸಹಿ ಹಾಕಿದ ಅಮ್ಮನಿಗೆ ಯಾವುದಕ್ಕೆ ಹಾಕಿದೆ ಎಂದೇ ಗೊತ್ತಿರುವುದಿಲ್ಲ.

ನಿಮ್ಮದೇ ಉದಾಹರಣೆ ತೆಗೆದುಕೊಳ್ಳೋಣ. ಹನ್ನೆರಡು ಮಕ್ಕಳಲ್ಲಿ ಏಳು ಮಂದಿಯದು ಗಾಢ ಕಾವಿ, ಐದು ಮಂದಿಯದು ತೆಳು ಹಳದಿ ಕಾವಿ ಅಂದುಕೊಳ್ಳಿ. ಐವರದನ್ನು ಏಳರ ಬಣ್ಣಕ್ಕೆ ತನ್ನಿ. ಆಗ ತಿದ್ದುಪಡಿಗೆ ಐದೇ ಮನೆಯ ಒಪ್ಪಿಗೆ ಸಾಕು. ಫೋಟೋ ಅಚ್ಚು ಹಾಕಲು ಹನ್ನೆರಡೂ ಮನೆಯ ಒಪ್ಪಿಗೆ ಬೇಕು, ಆದರೆ ಅದು ಬೇರೆ ಪ್ರಶ್ನೆ, ಪತ್ರದಲ್ಲೂ ಬೇರೆ ಸಾಲಿನಲ್ಲೇ ಇರಲಿ. ಅಚ್ಚಿಗೆ ಹೂಂ, ತಿದ್ದುವುದಕ್ಕೆ ಬೇಡ ಅನ್ನುವವರು ಇದ್ದೇ ಇರುತ್ತಾರೆ.

ಕಾವಿ ಬಣ್ಣದಲ್ಲಿ ಇನ್ನೊಂದು ತೊಡಕಿದೆ, ಇದು ಪೋಷಕರ ಕಣ್ಣಿಗೆ ಬೇಗ ಬೀಳುತ್ತದೆ. ನಮ್ಮ ಮಕ್ಕಳ ಮೈಬಣ್ಣವೂ ಕಾವಿಯೂ ಬಣ್ಣದ ಚಕ್ರದಲ್ಲಿ ಅಕ್ಕಪಕ್ಕದಲ್ಲೇ ಇವೆ. ಫೋಟೋಗ್ರಾಫರ್ ಅವಸರದಲ್ಲಿ ಇಡೀ ಫೋಟೋದ ಕಿತ್ತಳೆ ಛಾಯೆಯನ್ನು ಒಟ್ಟಿಗೆ ಎಳೆದರೆ ಪಂಚೆಯ ಜೊತೆ ಮುಖ, ಕೈಗಳ ಬಣ್ಣವೂ ತಿರುಗುತ್ತದೆ, ಕೈಯಲ್ಲಿರುವ ಹಿತ್ತಾಳೆಯ ಕಂಸಾಳೆಯೂ ಕೆಂಪಾಗುತ್ತದೆ. ಬಟ್ಟೆಯ ಅಂಚನ್ನಷ್ಟೇ ಕೈಯಿಂದ ಬಿಡಿಸಿ ಆಯ್ಕೆ ಮಾಡಿ ಎಂದು ಮೊದಲೇ ಹೇಳಿ. ಸರಿಯಾಗಿದೆಯೋ ಇಲ್ಲವೋ ನೋಡಲು ಗಲ್ಲದ ಕೆಳಭಾಗ, ಪಂಚೆಗೆ ತಾಗುವ ಮೊಣಕಾಲು, ಕಂಸಾಳೆ ಹಿಡಿದ ಬೆರಳು, ಈ ಜಾಗಗಳನ್ನು ದೊಡ್ಡದು ಮಾಡಿ ನೋಡಿದರಾಯಿತು. ಮಗು ಬೆಳ್ಳಗಾಗಿ ಕಂಡರೆ 'ನಮ್ಮ ಮಗಳ ಬಣ್ಣ ನಿಮಗೆ ಸಾಲಲಿಲ್ಲವಾ' ಎಂದು ಕೇಳುವವರಿಗೆ ಉತ್ತರ ಕೊಡುವುದು ಕಷ್ಟ.

ಹಣೆಯ ತಂಟೆಗೂ ಹೋಗಬೇಡಿ. ಕಂಸಾಳೆ ಬರೀ ಕುಣಿತವಲ್ಲ, ಮಲೆ ಮಹದೇಶ್ವರನ ಒಕ್ಕಲಿನ ದೇವರಗುಡ್ಡರು ದೀಕ್ಷೆ ಪಡೆದು ಹಿಡಿಯುವಂಥದ್ದು. ವಿಭೂತಿ, ರುದ್ರಾಕ್ಷಿ ಅಲ್ಲಿ ಅಲಂಕಾರವಲ್ಲ. ನಿಮ್ಮ ತರಗತಿಯಲ್ಲಿ ಎಲ್ಲ ಮನೆಯ ಮಕ್ಕಳೂ ಇರುತ್ತಾರೆ. ಯಾವುದೋ ಮನೆಯವರು ಬೇಕೆಂದೇ ವಿಭೂತಿ ಹಚ್ಚದೆ ಕಳಿಸಿರಬಹುದು. 'ಎಲ್ಲರದೂ ಒಂದೇ ಥರ ಇರಲಿ' ಎಂದು ಫೋಟೋದಲ್ಲಿ ಹಚ್ಚಿದರೂ ತಪ್ಪು, ಇದ್ದವರದನ್ನು ಒರೆಸಿದರೂ ತಪ್ಪು.

ತೋಳು ಸೇರಿಸುವುದು, ಜಾರಿದ ಬಟ್ಟೆ ಮುಚ್ಚುವುದು, ಫ್ಲ್ಯಾಶ್ ಬಿದ್ದು ತೆಳುವಾಗಿ ಕಂಡಿದ್ದನ್ನು ಮರೆಮಾಡುವುದು, ಇವು ಎಲ್ಲರಿಗೂ ಹೋಗುವ ಪತ್ರದಲ್ಲಿ ಬರಲೇಬಾರದು. ಆ ಒಂದು ಮಗುವಿನ ತಾಯಿಗೆ ಫೋನ್ ಮಾಡಿ, ಫೋಟೋ ತೋರಿಸಿ ಕೇಳಿ. ನನ್ನನ್ನು ಕೇಳಿದರೆ ಅಂಥ ಫೋಟೋವನ್ನು ಬಿಟ್ಟು ಬೇರೆಯದನ್ನು ಆರಿಸುವುದೇ ಮೇಲು. ಬಟ್ಟೆ ಬದಲಿಸುವ ಫೋನ್ ಆ್ಯಪ್‌ಗಳಂತೂ ಬೇಡವೇ ಬೇಡ. ಅವು ಬಟ್ಟೆಯ ಕೆಳಗಿನ ಮೈಯನ್ನು ತಾವೇ ಊಹಿಸಿ ಬರೆಯುತ್ತವೆ, ಭುಜ, ಸೊಂಟದ ಆಕಾರವೇ ಬದಲಾಗುತ್ತದೆ. ಮೇಲಾಗಿ ಮಗುವಿನ ಫೋಟೋ ಯಾರದೋ ಸರ್ವರ್‌ಗೆ ಹೋಗುತ್ತದೆ.

ಇಷ್ಟು ಆದಮೇಲೆ ಪತ್ರ ಉದ್ದ ಬೇಕಿಲ್ಲ. ನಾನು ಬರೆಯುವುದಾದರೆ ಹೀಗೆ:

ಮಾನ್ಯ ಪೋಷಕರೇ,

ವಾರ್ಷಿಕೋತ್ಸವದ ಕಂಸಾಳೆ ನೃತ್ಯದ ಒಂದು ಗುಂಪು ಫೋಟೋವನ್ನು ಶಾಲೆಯ ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಲು ಆರಿಸಿದ್ದೇವೆ. ಬಾಡಿಗೆ ಉಡುಪುಗಳಲ್ಲಿ ಎರಡು ಬಣ್ಣ ಬಂದಿದ್ದರಿಂದ, ನಿಮ್ಮ ಮಗುವಿನ ಪಂಚೆ ಮತ್ತು ಅಂಗಿಯ ತೆಳು ಹಳದಿಯನ್ನು ಉಳಿದ ಮಕ್ಕಳಂತೆ ಗಾಢ ಕಾವಿಗೆ ಬದಲಿಸಲು ನಿಮ್ಮ ಒಪ್ಪಿಗೆ ಕೇಳುತ್ತಿದ್ದೇವೆ. ಮುಖ, ಮೈಬಣ್ಣ, ಕೂದಲು, ಹಣೆಯ ಗುರುತು, ಕೊರಳ ಸರ, ಬಟ್ಟೆಯ ಅಳತೆ ಯಾವುದನ್ನೂ ಬದಲಿಸುವುದಿಲ್ಲ. ಈ ಫೋಟೋವನ್ನು ಫ್ಲೆಕ್ಸ್, ಜಾಹೀರಾತು, ವಾಟ್ಸ್ಆ್ಯಪ್ ಅಥವಾ ಇನ್ನಾವುದೇ ಕಡೆ ಬಳಸುವುದಿಲ್ಲ. ನೀವು ಬೇಡವೆಂದರೆ ನಿಮ್ಮ ಮಗುವಿನ ಉಡುಪು ಇದ್ದಂತೆಯೇ ಇರುತ್ತದೆ, ಅದೇ ಕಾರಣಕ್ಕೆ ಮಗುವನ್ನು ಫೋಟೋದಿಂದ ಬಿಡುವುದಿಲ್ಲ. ತಿದ್ದಿದ ಪ್ರತಿಯನ್ನು ಮುದ್ರಣಕ್ಕೆ ಕಳಿಸುವ ಮೊದಲು ಶಾಲೆಯಲ್ಲಿ ನೋಡಬಹುದು. ಅಲ್ಲಿಯವರೆಗೆ ಒಪ್ಪಿಗೆಯನ್ನು ಒಂದು ಮಾತಿನಲ್ಲಿ ಹಿಂತೆಗೆದುಕೊಳ್ಳಬಹುದು.

ಫೋಟೋ ಅಚ್ಚು ಹಾಕಲು: ಒಪ್ಪಿದೆ / ಒಪ್ಪಿಲ್ಲ
ಉಡುಪಿನ ಬಣ್ಣ ತಿದ್ದಲು: ಒಪ್ಪಿದೆ / ಒಪ್ಪಿಲ್ಲ

ಕೆಳಗೆ ಸಹಿ, ದಿನಾಂಕ, ಮಗುವಿನ ಜೊತೆಗಿನ ಸಂಬಂಧ. ಬಣ್ಣ ತೋರಿಸಲು ಮಗುವಿನ ಫೋಟೋ ಅಂಟಿಸಬೇಡಿ, ಹ್ಯಾಂಗರ್‌ಗೆ ಹಾಕಿದ ಡ್ರೆಸ್‌ನ ಎರಡು ಚಿತ್ರ ಸಾಕು.

'ಇಂಥ ದಿನದೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ತಿಳಿಯಲಾಗುವುದು' ಎಂದು ಬರೆಯುವ ಚಾಳಿ ನಮ್ಮ ಶಾಲೆಗಳಲ್ಲಿದೆ, ಅದನ್ನು ಬಿಡಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ ಒಪ್ಪಿಗೆ ನಿರ್ದಿಷ್ಟವಾಗಿರಬೇಕು, ಷರತ್ತಿಲ್ಲದ್ದಾಗಿರಬೇಕು, ಸ್ಪಷ್ಟವಾಗಿ ಹೂಂ ಎಂದು ತೋರಿಸುವಂತಿರಬೇಕು. ಸುಮ್ಮನಿರುವುದು ಒಪ್ಪಿಗೆಯಾಗದು. 18 ವರ್ಷದೊಳಗಿನವರ ವಿಷಯದಲ್ಲಿ ತಂದೆತಾಯಿಯ ಅಥವಾ ಕಾನೂನುಬದ್ಧ ಪೋಷಕರ ಒಪ್ಪಿಗೆ ಬೇಕು, ಕೊಟ್ಟಷ್ಟೇ ಸುಲಭವಾಗಿ ವಾಪಸು ಪಡೆಯುವಂತಿರಬೇಕು. ಇದರ ನಿಯಮಗಳು ಪ್ರಕಟವಾಗಿದ್ದು 2025ರ ನವೆಂಬರ್‌ನಲ್ಲಿ, ಈ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಸಮಯವಿದೆ. ಹಾಗೆಂದು ಆ ದಿನದವರೆಗೆ ಕಾಯುವುದೇನಿದೆ? ಅಡ್ಮಿಷನ್ ಫಾರಂನಲ್ಲಿ 'ಫೋಟೋ ಬಳಸಬಹುದು' ಎಂದು ಹಾಕಿಸಿಕೊಂಡ ಸಹಿಯನ್ನು ಇದಕ್ಕೆ ಎಳೆದು ತರಬೇಡಿ. ಅದು ತೆಗೆದ ಫೋಟೋಗೆ ಕೊಟ್ಟಿದ್ದು, ತಿದ್ದಿದ ಫೋಟೋಗಲ್ಲ.

ಐವರಲ್ಲಿ ಇಬ್ಬರು ಬೇಡ ಎಂದರೆ? ಆಗ ಮೂವರನ್ನು ಮಾತ್ರ ತಿದ್ದಿದರೆ ಆ ಇಬ್ಬರು ಎದ್ದು ಕಾಣುತ್ತಾರೆ, ಉಳಿದವರು ಅವರನ್ನು ಆಡಿಕೊಳ್ಳುತ್ತಾರೆ. ಅಂಥ ಹೊತ್ತಿನಲ್ಲಿ ಇಡೀ ಫೋಟೋವನ್ನು ತಿದ್ದದೆ ಹಾಕಿಬಿಡಿ. ಹೆಡ್‌ಮಿಸ್‌ಗೆ ಇದನ್ನು ಪತ್ರ ಹೋಗುವ ಮೊದಲೇ ಹೇಳಿ ಒಪ್ಪಿಸಿಕೊಂಡಿದ್ದರೆ ಆಮೇಲೆ ಪೋಷಕರ ಮೇಲೆ ಒತ್ತಡ ಹಾಕುವ ಮಾತು ಬರುವುದಿಲ್ಲ.

ಇನ್ನು ಸಹಿ. ಅಜ್ಜಿ ಮನೆಯಲ್ಲಿದ್ದು ಓದುವ ಮಕ್ಕಳು ನಿಮ್ಮ ಕಡೆ ಬೇಕಾದಷ್ಟು. ಡೈರಿಯಲ್ಲಿಟ್ಟು ಕಳಿಸಿದ ಚೀಟಿಗೆ ಅಜ್ಜಿಯೋ ಸೋದರಮಾವನೋ ಸಹಿ ಹಾಕಿ ಕಳಿಸುತ್ತಾರೆ, ಅದಕ್ಕೇ ಸಂಬಂಧ ಬರೆಯಲು ಜಾಗ ಇಟ್ಟಿದ್ದು. ಅಂಥ ಚೀಟಿ ಬಂದಾಗ ಬೆಂಗಳೂರಿನಲ್ಲೋ ಎಲ್ಲೋ ಇರುವ ಅಪ್ಪ-ಅಮ್ಮನಿಗೆ ಫೋನ್ ಮಾಡಿ, ಪತ್ರ ಓದಿ ಹೇಳಿ, ಚೀಟಿಯ ಫೋಟೋವನ್ನು ಅವರ ನಂಬರಿಗೇ ಕಳಿಸಿ ಉತ್ತರ ಬರೆಸಿಕೊಳ್ಳಿ. ಚೀಟಿಗಳನ್ನು ತಿದ್ದದ ಮೂಲ ಫೋಟೋ ಜೊತೆ ಆಫೀಸಿನಲ್ಲಿ ಇಡಿ. ಸಂಚಿಕೆ ಅಚ್ಚಾದ ಮೇಲೆ ಫೋಟೋಗ್ರಾಫರ್ ಲ್ಯಾಪ್‌ಟಾಪ್‌ನಿಂದ ಎರಡೂ ಪ್ರತಿ ಅಳಿಸಿದ್ದಾರೆ ಎಂದು ಅವರ ಕೈಲೇ ಒಂದು ಸಾಲು ಬರೆಸಿಕೊಂಡು, ಆಮೇಲೆ ಬಿಲ್ ಪಾಸ್ ಮಾಡಿಸಿ.