ಸಂಪಾದಕರ ಉತ್ತರ: ಕಾಗೆ ಬಾಗಿಸಿದ ತಂತಿ

ಪ್ರಶ್ನೆ: "ಕಾಗೆಯೊಂದು ನೇರವಾದ ತಂತಿಯನ್ನು ಬಾಗಿಸಿ ಕೊಕ್ಕೆ ಮಾಡಿಕೊಂಡಿತು, ಇನ್ನೊಂದು ಕಲ್ಲು ಹಾಕಿ ನೀರಿನ ಮಟ್ಟ ಏರಿಸಿತು ಎಂದೆಲ್ಲ ಓದುತ್ತಿರುತ್ತೇನೆ. ಇವು ನಿಜವೇ, ಅಥವಾ ಕಲಿಸಿ ಆಡಿಸಿದ ಆಟಗಳೇ? ಕಾಗೆಗೆ ತಾನು ಮಾಡುತ್ತಿರುವುದು ಅರ್ಥವಾಗುತ್ತದೆಯೇ?"
— ಒಬ್ಬ ಓದುಗರು

ಮಾನ್ಯರೇ,

ಪ್ರಯೋಗಗಳು ನಿಜ. ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ಒಂದೇ ಮಾತಿನಲ್ಲಿ ಹೌದು ಎಂದೋ ಇಲ್ಲ ಎಂದೋ ಹೇಳಿದರೆ ತಪ್ಪಾಗುತ್ತದೆ. ತಂತಿ ಬಾಗಿಸಿದ ಕಾಗೆಯ ಪ್ರಸಂಗವನ್ನು ಸ್ವಲ್ಪ ವಿವರವಾಗಿ ನೋಡಿದರೆ ಆ ಪ್ರಶ್ನೆ ಎಷ್ಟು ಸೂಕ್ಷ್ಮವಾದದ್ದು ಎಂಬುದು ತಿಳಿಯುತ್ತದೆ.

ಮೊದಲು ಒಂದು ಮಾತು ಸ್ಪಷ್ಟವಾಗಿರಲಿ. ಉಪಕರಣ ಬಳಸುವ ಕಾಗೆ ಎಂದಾಗ ವಿಜ್ಞಾನಿಗಳು ಹೆಚ್ಚಾಗಿ ಹೇಳುವುದು ದಕ್ಷಿಣ ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಮಾತ್ರ ಸಹಜವಾಗಿ ಬದುಕುವ ಒಂದು ಜಾತಿಯ ಬಗ್ಗೆ. ಎಲ್ಲ ಕಾಗೆಗಳ ಬಗ್ಗೆ ಅಲ್ಲ. ಗ್ಯಾವಿನ್ ಹಂಟ್ ಎಂಬ ಸಂಶೋಧಕರು ಈ ಕಾಗೆಗಳನ್ನು ಕಾಡಿನಲ್ಲೇ ಗಮನಿಸಿ 1996ರಲ್ಲಿ ವಿವರಗಳನ್ನು ಪ್ರಕಟಿಸಿದರು. ಕಾಗೆ ಕವಲೊಡೆದ ಎಳೆಯ ರೆಂಬೆಯನ್ನು ಆರಿಸಿ, ಕವಲಿನ ಬಳಿ ಮುರಿದು, ಎಲೆ ತೊಗಟೆಗಳನ್ನು ತೆಗೆದು, ಕವಲಿನ ಉಳಿದ ತುಣುಕನ್ನು ಕೊಕ್ಕಿನಿಂದ ಕೆತ್ತಿ ಕೊಕ್ಕೆಯಾಗಿಸುತ್ತದೆ. ಕೇದಗೆಯ ಕುಲಕ್ಕೆ ಸೇರಿದ ಪಂಡಾನಸ್ ಗಿಡದ ಮುಳ್ಳಂಚಿನ ಎಲೆಯಿಂದಲೂ ಅದು ಉಪಕರಣ ಮಾಡುತ್ತದೆ: ಒಂದು ಕಡೆ ಕತ್ತರಿಸಿ, ಸ್ವಲ್ಪ ಸೀಳಿ, ಮತ್ತೆ ಕತ್ತರಿಸಿ, ಮತ್ತೆ ಸೀಳಿ, ಒಂದು ತುದಿ ಅಗಲವಾಗಿ ಇನ್ನೊಂದು ತುದಿ ಚೂಪಾಗಿರುವ ಪಟ್ಟಿಯನ್ನು ಬಿಡಿಸಿಕೊಳ್ಳುತ್ತದೆ. ಪಟ್ಟಿಯ ಆಕಾರ ಗಿಡದಲ್ಲೇ ಉಳಿದ ಎಲೆಯ ಅಂಚಿನಲ್ಲಿ ಅಚ್ಚೊತ್ತಿದಂತೆ ಉಳಿಯುವುದರಿಂದ, ಕಾಗೆ ಹಾರಿಹೋದ ಮೇಲೂ ಅದು ಎಂಥ ಉಪಕರಣ ಮಾಡಿತ್ತು ಎಂಬುದನ್ನು ಎಲೆ ನೋಡಿಯೇ ಹೇಳಬಹುದು. ಇವುಗಳನ್ನು ಮರದ ಬಿರುಕುಗಳಲ್ಲಿ ತೂರಿಸಿ ಅದು ಹುಳುಗಳನ್ನು ಹೊರಗೆಳೆದು ತಿನ್ನುತ್ತದೆ. ಇಲ್ಲಿ ಯಾರೂ ಅದಕ್ಕೆ ಕಲಿಸಿಲ್ಲ, ಆಡಿಸಿಲ್ಲ.

ಈಗ ತಂತಿಯ ವಿಷಯ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸ್ ಕಾಸೆಲ್ನಿಕ್ ಮತ್ತು ಸಂಗಡಿಗರ ಬಳಿ ಈ ಜಾತಿಯ ಎರಡು ಕಾಗೆಗಳಿದ್ದವು: ಬೆಟ್ಟಿ ಎಂಬ ಹೆಣ್ಣು, ಏಬಲ್ ಎಂಬ ಗಂಡು. ನೆಟ್ಟಗೆ ನಿಲ್ಲಿಸಿದ ಪಾರದರ್ಶಕ ಕೊಳವೆಯೊಂದರ ತಳದಲ್ಲಿ, ಹಿಡಿಕೆಯಿರುವ ಪುಟ್ಟ ಬಕೆಟ್ಟಿನಲ್ಲಿ ಮಾಂಸದ ತುಣುಕನ್ನು ಇಟ್ಟು, ಪಕ್ಕದಲ್ಲಿ ಒಂದು ನೇರ ತಂತಿಯನ್ನೂ ಒಂದು ಕೊಕ್ಕೆ ತಂತಿಯನ್ನೂ ಇಡುತ್ತಿದ್ದರು. ಎರಡರಲ್ಲಿ ಸರಿಯಾದದ್ದನ್ನು ಕಾಗೆ ಆರಿಸುತ್ತದೆಯೇ ಎಂಬುದಷ್ಟೇ ಅವರ ಪ್ರಶ್ನೆಯಾಗಿತ್ತು; ತಂತಿ ಬಾಗಿಸುವುದು ಯಾರ ಯೋಜನೆಯಲ್ಲೂ ಇರಲಿಲ್ಲ. ಐದನೆಯ ಪ್ರಯತ್ನದಲ್ಲಿ ಏಬಲ್ ಕೊಕ್ಕೆ ತಂತಿಯನ್ನು ಎತ್ತಿಕೊಂಡು ಹೋಯಿತು. ಆಗ ಬೆಟ್ಟಿ ನೇರ ತಂತಿಯ ತುದಿಯನ್ನು ಸಿಕ್ಕಿಸಿ ಹಿಡಿದು, ಇನ್ನೊಂದು ತುದಿಯನ್ನು ಕೊಕ್ಕಿನಿಂದ ಎಳೆದು ಬಾಗಿಸಿ, ಬಕೆಟ್ಟಿನ ಹಿಡಿಕೆಗೆ ತೊಡಿಸಿ ಮೇಲಕ್ಕೆತ್ತಿತು. ಅದರ ಬಳಿಕ ನೇರ ತಂತಿಯನ್ನಷ್ಟೇ ಕೊಟ್ಟು ನಡೆಸಿದ 10 ಪ್ರಯತ್ನಗಳಲ್ಲಿ 9ರಲ್ಲಿ ಬೆಟ್ಟಿ ತಂತಿಯನ್ನು ಬಾಗಿಸಿಯೇ ಬಕೆಟ್ ಎತ್ತಿತು. 2002ರಲ್ಲಿ ಇದು ಪ್ರಕಟವಾದಾಗ, ಹಿಂದೆಂದೂ ಕಾಣದ ಸಮಸ್ಯೆಗೆ ಪ್ರಾಣಿಯೊಂದು ಯೋಚಿಸಿಯೇ ಪರಿಹಾರ ಕಂಡುಕೊಂಡಿತು ಎಂದು ಬಹಳ ಜನ ಭಾವಿಸಿದರು.

ಹಾಗೆ ಭಾವಿಸಲು ಒಂದು ಆಧಾರ ಬೇಕಿತ್ತು: ಬಾಗಿಸುವ ಕ್ರಿಯೆ ಆ ಜಾತಿಗೆ ಹೊಸದಾಗಿರಬೇಕು. ಕಾಡಿನಲ್ಲಿ ಅದು ಕೊಕ್ಕೆಯನ್ನು ಕೆತ್ತಿ ಮಾಡುತ್ತದೆಯೇ ಹೊರತು ಬಾಗಿಸಿ ಮಾಡುವುದಿಲ್ಲ ಎಂದೇ ಆಗ ತಿಳಿದಿತ್ತು. 2016ರಲ್ಲಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಕ್ರಿಶ್ಚಿಯನ್ ರುಟ್ಜ್ ಅವರ ತಂಡ ಪ್ರಕಟಿಸಿದ ಅಧ್ಯಯನ ಆ ಆಧಾರವನ್ನೇ ಅಲುಗಿಸಿತು. ಕಾಡಿನಿಂದ ಹಿಡಿದು ತಂದ ಕಾಗೆಗಳಿಗೆ ಅವು ಎಂದಿನಂತೆ ಬಳಸುವ, ಸುಲಭವಾಗಿ ಬಳುಕುವ ಕಡ್ಡಿಗಳನ್ನು ಕೊಟ್ಟಾಗ, 18ರಲ್ಲಿ 10 ಕಾಗೆಗಳು ಕೊಕ್ಕೆ ಕೆತ್ತುವುದರ ಜೊತೆಗೆ ಕಡ್ಡಿಯ ದಂಡವನ್ನೂ ಬಾಗಿಸಿದವು. ಬಾಗಿಸುವ ರೀತಿಯೂ ಬೆಟ್ಟಿಯದನ್ನು ಹೋಲುತ್ತಿತ್ತು. ಹಾಗಾದರೆ ಬೆಟ್ಟಿ ಸಮಸ್ಯೆಯನ್ನು ಬಿಡಿಸಿ ನೋಡಿ ಬಾಗಿಸಿತೋ, ಅಥವಾ ಕಡ್ಡಿಯ ಮೇಲೆ ಮಾಡುವ ಹುಟ್ಟುಗುಣದ ಕೆಲಸವನ್ನು ತಂತಿಯ ಮೇಲೂ ಮಾಡಿತೋ ಎಂಬುದನ್ನು ಆ ಪ್ರಯೋಗವೊಂದರಿಂದಲೇ ಬೇರ್ಪಡಿಸುವುದು ಸಾಧ್ಯವಿಲ್ಲ. ಈ ಜಾತಿಯಲ್ಲಿ ಹುಟ್ಟುಗುಣದ ಪಾಲು ದೊಡ್ಡದು ಎಂಬುದಕ್ಕೆ ಬೇರೆ ಪುರಾವೆಯೂ ಇದೆ: ಮನುಷ್ಯರ ಕೈಯಲ್ಲಿ ಬೆಳೆದ, ದೊಡ್ಡ ಕಾಗೆಗಳನ್ನು ಕಂಡೇ ಇರದ ಮರಿಗಳು ಕೂಡ ಕಡ್ಡಿಯಿಂದ ಆಹಾರ ತೆಗೆಯುವುದನ್ನು ತಾವಾಗಿಯೇ ರೂಢಿಸಿಕೊಂಡದ್ದು 2005ರಲ್ಲಿ ವರದಿಯಾಗಿತ್ತು.

ಆದರೂ ಎಲ್ಲವನ್ನೂ ಹುಟ್ಟುಗುಣದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ನನಗೆ ಸರಿಯೆನಿಸುವುದಿಲ್ಲ. ರೂಕ್ ಎಂಬ ಕಾಗೆ ಜಾತಿ ಕಾಡಿನಲ್ಲಿ ಉಪಕರಣ ಬಳಸುವುದು ಕಂಡುಬಂದಿಲ್ಲ. ಹಾಗಿದ್ದರೂ 2009ರಲ್ಲಿ ಕ್ರಿಸ್ಟೋಫರ್ ಬರ್ಡ್ ಮತ್ತು ನೇಥನ್ ಎಮರಿ ಇಂಥದೇ ಕೊಳವೆ, ಬಕೆಟ್ಟು, ನೇರ ತಂತಿಗಳನ್ನು ಕೊಟ್ಟಾಗ ಸೆರೆಯಲ್ಲಿ ಬೆಳೆದ ರೂಕ್‌ಗಳೂ ತಂತಿಯನ್ನು ಬಾಗಿಸಿ ಬಕೆಟ್ ಎತ್ತಿದವು. ಕಡ್ಡಿ ಬಾಗಿಸುವ ಹುಟ್ಟುಗುಣ ಎಂಬ ವಿವರಣೆ ಅವುಗಳಿಗೆ ಅಷ್ಟು ಸುಲಭವಾಗಿ ಹೊಂದುವುದಿಲ್ಲ.

ಅರ್ಥವಾಗುವಿಕೆಯನ್ನು ಅಳೆಯಲು ಒಂದು ಕೌಶಲ ಇದೆ ಎಂದು ತೋರಿಸಿದರೆ ಸಾಲದು. ಆ ಕೌಶಲ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಹುಡುಕಬೇಕು. ನೀವು ಕೇಳಿದ ನೀರಿನ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ಇದರಲ್ಲಿ ಕಲಿಸುವುದು ಸ್ವಲ್ಪ ಇದೆ: ಕೊಳವೆಯೊಳಗೆ ಕಲ್ಲು ಹಾಕುವ ಕ್ರಿಯೆಯನ್ನು ನ್ಯೂ ಕ್ಯಾಲೆಡೋನಿಯಾದ ಕಾಗೆಗಳಿಗೆ ಮೊದಲೇ ಅಭ್ಯಾಸ ಮಾಡಿಸಿರುತ್ತಾರೆ. ಕಲಿಸದೆ ಬಿಡುವುದು ಯಾವ ಕೊಳವೆಗೆ, ಯಾವ ವಸ್ತುವನ್ನು ಹಾಕಬೇಕು ಎಂಬ ಆಯ್ಕೆಯನ್ನು. ಸಾರಾ ಜೆಲ್ಬರ್ಟ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಗೆಗಳು ಮರಳಿನ ಕೊಳವೆಯನ್ನು ಬಿಟ್ಟು ನೀರಿನ ಕೊಳವೆಗೆ, ತೇಲುವ ವಸ್ತುವನ್ನು ಬಿಟ್ಟು ಮುಳುಗುವ ವಸ್ತುವನ್ನು, ಟೊಳ್ಳಾದದ್ದನ್ನು ಬಿಟ್ಟು ಗಟ್ಟಿಯಾದದ್ದನ್ನು ಹಾಕುವುದರ ಕಡೆಗೆ ಸ್ಪಷ್ಟವಾಗಿ ವಾಲಿದವು.

ಮುಂದಿನದು ಯು ಆಕಾರದ ಕೊಳವೆಯ ಪರೀಕ್ಷೆ. ಆಹಾರವಿದ್ದ ಕೊಳವೆ ಕಲ್ಲು ಹಿಡಿಸಲಾರದಷ್ಟು ಕಿರಿದು. ಅದರ ಎರಡು ಬದಿಗಳಲ್ಲಿ ಅಗಲವಾದ ಎರಡು ಕೊಳವೆಗಳಿದ್ದು, ಅವುಗಳಲ್ಲಿ ಒಂದು ಮಾತ್ರ ಕಣ್ಣಿಗೆ ಕಾಣದಂತೆ ಅಡಿಯಲ್ಲಿ ಅದಕ್ಕೆ ಕೂಡಿಕೊಂಡಿತ್ತು. ಸರಿಯಾದ ಕೊಳವೆಗೆ ಕಲ್ಲು ಹಾಕಿದಾಗಲೆಲ್ಲ ನಡುವಿನ ಕೊಳವೆಯ ಆಹಾರ ಮೇಲೇರುವುದು ಕಾಗೆಯ ಕಣ್ಣೆದುರೇ ನಡೆಯುತ್ತಿತ್ತು. ಆದರೂ ಕಾಗೆಗಳ ಆಯ್ಕೆ ಆಕಸ್ಮಿಕವನ್ನು ಮೀರಲಿಲ್ಲ. ಕಲ್ಲು ಹಾಕಿದರೆ ಆಹಾರ ಹತ್ತಿರ ಬರುತ್ತದೆ ಎಂಬುದನ್ನು ನೋಡಿ ನೋಡಿ ಕಲಿಯುವುದಷ್ಟೇ ನಡೆಯುತ್ತಿದ್ದರೆ, ಅವು ಇಲ್ಲಿಯೂ ಕಲಿತಿರಬೇಕಿತ್ತು. ಇನ್ನೊಂದೆಡೆ, ನೀರು ಏಕೆ ಏರುತ್ತದೆ ಎಂಬುದನ್ನು ಪೂರ್ತಿಯಾಗಿ ತಿಳಿದಿದ್ದರೆ, ಅಡಿಯಲ್ಲಿ ಮರೆಯಾಗಿ ಏನೋ ಸಂಪರ್ಕವಿದೆ ಎಂದು ಊಹಿಸುವುದಕ್ಕೂ ಅವಕಾಶವಿತ್ತು. ಕಲ್ಲು ಬೀಳುವುದೂ ನೀರು ಏರುವುದೂ ಒಂದೇ ಜಾಗದಲ್ಲಿ ಕಾಣುವಾಗ ಅವು ವಸ್ತುವಿನ ಗುಣವನ್ನು ಸರಿಯಾಗಿ ಗುರುತಿಸುತ್ತವೆ. ಎರಡೂ ಬೇರೆ ಬೇರೆ ಜಾಗದಲ್ಲಿ ನಡೆದರೆ ಅವುಗಳ ನಡುವಿನ ನಂಟು ಕಾಗೆಗಳ ಹಿಡಿತಕ್ಕೆ ಸಿಗುವುದಿಲ್ಲ.