ಎರಡು-ಮೂರು ವರ್ಷಕ್ಕೊಮ್ಮೆ ಊರು ಬದಲಾಗೋರು ಕಾರು ಕೊಳ್ಳಬೇಕಾ, ಲೀಸಿಗೆ ತಗೋಬೇಕಾ?

ಪ್ರಶ್ನೆ: ಸರ್, ನಾನು ತೋರಣಗಲ್ಲಿನ ಹತ್ರ ಒಂದು ಸ್ಟೀಲ್ ಕಂಪನಿಯಲ್ಲಿ ಇಂಜಿನಿಯರ್, ಮನೆ ಬಳ್ಳಾರಿಯಲ್ಲಿ. ಎರಡು-ಮೂರು ವರ್ಷಕ್ಕೊಮ್ಮೆ ಮಹಾರಾಷ್ಟ್ರ, ಒಡಿಶಾ ಅಂತ ಟ್ರಾನ್ಸ್‌ಫರ್ ಆಗ್ತಾನೇ ಇರ್ತದೆ. ಸಂಬಳ ವರ್ಷಕ್ಕೆ 20 ಲಕ್ಷ. ಒಂಬತ್ತೂವರೆ ಲಕ್ಷದ ಒಂದು ಸಣ್ಣ ಪೆಟ್ರೋಲ್ ಕಾರು ನೋಡಿದೀನಿ. ಬೆಂಗಳೂರಿನ ಒಂದು ಸಬ್‌ಸ್ಕ್ರಿಪ್ಷನ್ ಕಂಪನಿಯವ್ರು ಅದೇ ಕಾರಿಗೆ ಇನ್ಶೂರೆನ್ಸ್, ಸರ್ವಿಸ್ ಎಲ್ಲಾ ಸೇರಿ ತಿಂಗಳಿಗೆ 23,500, ನಾಲ್ಕು ವರ್ಷದ ಅಗ್ರಿಮೆಂಟ್ ಅಂತಿದಾರೆ. ನಮ್ಮ ಎಚ್‌ಆರ್‌ನವ್ರು ಕಂಪನಿ ಲೀಸ್ ಪಾಲಿಸಿನೂ ಐತೆ ಅಂದ್ರು. ಮನೇಲಿ ಎಲ್ಲರೂ ಸ್ವಂತದ್ದೇ ತಗೋ ಅಂತಾರೆ. ಯಾವುದು ಸರಿ?

ಉತ್ತರ: ನಿಮ್ಮ ಕೇಸಿನಲ್ಲಿ ಸ್ವಂತಕ್ಕೆ ತಗೊಳ್ರಿ, ಆದ್ರೆ ಕೆಎ-34 ನಂಬರಿಗೆ ಅಲ್ಲ, ಬಿಎಚ್ ಸೀರೀಸ್, ಅಂದ್ರೆ ಯಾವ ರಾಜ್ಯಕ್ಕೆ ಹೋದ್ರೂ ನಡೆಯೋ ಭಾರತ್ ಸೀರೀಸ್ ನಂಬರಿಗೆ. ಆ ನಂಬರ್ ಸಿಗ್ತದಾ ಇಲ್ಲಾ ಅನ್ನೋದರ ಮೇಲೇ ಈ ಪೂರ್ತಿ ಲೆಕ್ಕ ನಿಂತೈತೆ, ಇಎಂಐ ಎಷ್ಟು, ಬಾಡಿಗೆ ಎಷ್ಟು ಅನ್ನೋದೆಲ್ಲಾ ಆಮೇಲಿನ ಮಾತು.

ಊರು ಬದಲಾಯಿಸೋ ಮನುಷ್ಯನಿಗೆ ಸ್ವಂತ ಕಾರಿನಲ್ಲಿ ನಿಜವಾಗಿ ಹೊಡೆತ ಬೀಳೋದು ಲೈಫ್ ಟ್ಯಾಕ್ಸಿನಲ್ಲಿ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ 14%, ಆ ಟ್ಯಾಕ್ಸಿನ ಮೇಲೆ ಮತ್ತೆ 11% ಸೆಸ್ಸು, ಅಂದ್ರೆ ನಿಮ್ಮ ಒಂಬತ್ತೂವರೆ ಲಕ್ಷದ ಕಾರಿಗೆ ಹತ್ರತ್ರ 1 ಲಕ್ಷ 48 ಸಾವಿರ ಮೊದಲ ದಿನವೇ ಹೋಗ್ತದೆ, ಹದಿನೈದು ವರ್ಷದ್ದು ಒಟ್ಟಿಗೇ. ಎರಡು ವರ್ಷಕ್ಕೆ ನೀವು ಮಹಾರಾಷ್ಟ್ರಕ್ಕೆ ಹೋದ್ರಿ ಅನ್ಕೊಳ್ರಿ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದಲ್ಲಿ ಗಾಡಿ 12 ತಿಂಗಳಿಗಿಂತ ಜಾಸ್ತಿ ಇಟ್ಕೊಂಡ್ರೆ ಅಲ್ಲಿನ ನಂಬರ್ ಮಾಡಿಸ್ಲೇಬೇಕು, ಅದಕ್ಕೆ ಇಲ್ಲಿನ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ, ಲೋನ್ ಇದ್ರೆ ಬ್ಯಾಂಕಿನದ್ದೂ ಒಂದು ಎನ್‌ಒಸಿ, ಅಲ್ಲಿ ಹೋದ ಮೇಲೆ ಕಾರಿನ ವಯಸ್ಸು ನೋಡಿ ಮತ್ತೆ ಟ್ಯಾಕ್ಸ್. ಇಲ್ಲಿ ಕಟ್ಟಿದ್ದರಲ್ಲಿ ಉಳಿದ ವರ್ಷದ್ದು ವಾಪಸ್ ಕೇಳಬಹುದು, ಆದ್ರೆ ಅಲ್ಲಿ ಟ್ಯಾಕ್ಸ್ ಕಟ್ಟಿದ ರಶೀದಿ, ಹೊಸ ಆರ್‌ಸಿ ಎಲ್ಲಾ ತಗೊಂಡು ಇಲ್ಲಿಗೇ ಅರ್ಜಿ ಹಾಕ್ಬೇಕು, ಅಷ್ಟು ದೂರದಿಂದ ಇದರ ಹಿಂದೆ ಬೀಳೋಕೆ ಯಾರಿಗೂ ಪುರುಸೊತ್ತು ಇರಲ್ಲ. ಬಹಳ ಜನ ಆ ದುಡ್ಡು ಬಿಟ್ಟೇಬಿಡ್ತಾರೆ, ನೋಡಿದ್ರೆ ಸಂಕಟ ಆಗ್ತದೆ.

ಇದಕ್ಕಂತಲೇ 2021ರ ಸೆಪ್ಟೆಂಬರ್ 15ರಿಂದ ಬಿಎಚ್ ಸೀರೀಸ್ ಬಂತು. ಸೈನ್ಯದವರು, ಕೇಂದ್ರ-ರಾಜ್ಯ ಸರ್ಕಾರದ ನೌಕರರು, ಸರ್ಕಾರಿ ಕಂಪನಿಯವರು ತಮ್ಮ ಐಡಿ ಕಾರ್ಡಿನ ಮೇಲೇ ತಗೋಬಹುದು. ನಿಮ್ಮಂಥ ಖಾಸಗಿ ಕಂಪನಿಯವರಿಗೆ ಒಂದು ಷರತ್ತು ಐತೆ, ಕಂಪನಿಗೆ ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ರಾಜ್ಯಗಳಲ್ಲಿ ಆಫೀಸ್ ಇರ್ಬೇಕು, ಅದನ್ನ ಫಾರ್ಮ್ 60ರಲ್ಲಿ ಕಂಪನಿಯವ್ರೇ ಬರೆದು ಸಹಿ ಮಾಡಿ ಕೊಡ್ಬೇಕು. ಟ್ಯಾಕ್ಸ್ 10 ಲಕ್ಷದ ಒಳಗಿನ ಕಾರಿಗೆ 8%, ಅದೂ ಜಿಎಸ್‌ಟಿ ಬಿಟ್ಟ ಬೆಲೆ ಮೇಲೆ, ಡೀಸೆಲ್ ಆದ್ರೆ 2% ಜಾಸ್ತಿ, ಕರೆಂಟ್ ಕಾರಿಗೆ 2% ಕಮ್ಮಿ. ಮುಖ್ಯ ಏನಂದ್ರೆ ಅದನ್ನ ಒಟ್ಟಿಗೇ ಕಟ್ಟೋದಲ್ಲ, ಎರಡೆರಡು ವರ್ಷದ್ದು ಮಾತ್ರ. ನಿಮ್ಮ ಕಾರಿಗೆ ಎರಡು ವರ್ಷಕ್ಕೆ 10-11 ಸಾವಿರದ ಆಸುಪಾಸು ಬರ್ತದೆ. ಯಾವ ರಾಜ್ಯಕ್ಕೆ ಹೋದ್ರೂ ನಂಬರ್ ಬದಲಾಯಿಸೋದು ಬೇಕಿಲ್ಲ, ಎನ್‌ಒಸಿ ಬೇಕಿಲ್ಲ.

ಈಗ ನಾಲ್ಕು ವರ್ಷದ ಲೆಕ್ಕ ಹಾಕೋಣ. ಎರಡೂವರೆ ಲಕ್ಷ ಕೈಯಿಂದ, 7 ಲಕ್ಷ ಲೋನ್ 9% ಬಡ್ಡಿಗೆ, ಇಎಂಐ 17,400ರ ಹತ್ರ. ನಾಲ್ಕು ವರ್ಷಕ್ಕೆ ಬಡ್ಡಿ 1 ಲಕ್ಷ 36 ಸಾವಿರ. ಇನ್ಶೂರೆನ್ಸಿಗೆ ಒಂದು ಲಕ್ಷ, ಸರ್ವಿಸ್ ಟೈರಿಗೆ 60 ಸಾವಿರ, ಬಿಎಚ್ ಟ್ಯಾಕ್ಸ್ 22 ಸಾವಿರ, ಕೈಯಿಂದ ಹಾಕಿದ ದುಡ್ಡು ಎಫ್‌ಡಿಯಲ್ಲಿ ಇದ್ದಿದ್ರೆ ಬರ್ತಿದ್ದ ಬಡ್ಡಿ 70 ಸಾವಿರ ಅಂತ ಇಟ್ಕೊಳ್ರಿ. ನಾಲ್ಕು ವರ್ಷ ಆದ್ಮೇಲೆ ಕಾರು 5 ಲಕ್ಷ 20 ಸಾವಿರಕ್ಕೆ ಹೋದ್ರೆ ಸವಕಳಿ 4 ಲಕ್ಷ 30 ಸಾವಿರ. ಎಲ್ಲಾ ಕೂಡಿದ್ರೆ 8 ಲಕ್ಷ 18 ಸಾವಿರ, ಅಂದ್ರೆ ತಿಂಗಳಿಗೆ 17 ಸಾವಿರ.

ಇದ್ರಾಗ ಒಂದು ಕಷ್ಟ ಐತೆ, ಅದನ್ನ ಶೋರೂಮಿನವ್ರು ಹೇಳೋದಿಲ್ಲ. ಬಿಎಚ್ ಕಾರನ್ನ ನೀವು ಮಾರೋವಾಗ ಕೊಳ್ಳೋರು ಬಿಎಚ್‌ಗೆ ಅರ್ಹರಲ್ಲದಿದ್ರೆ, ಅಂದ್ರೆ ಊರಿನ ಒಬ್ಬ ಅಂಗಡಿ ಮಾಲೀಕರೋ ರೈತರೋ ಆಗಿದ್ರೆ, ಅವ್ರು ತಮ್ಮ ರಾಜ್ಯದ ನಂಬರಿಗೆ ಮಾಡಿಸಿ ಉಳಿದ ವರ್ಷದ ಟ್ಯಾಕ್ಸ್ ಕಟ್ಬೇಕು. ಆ ದುಡ್ಡನ್ನ ಅವ್ರು ನಿಮ್ಮ ರೇಟಿನಾಗೇ ಮುರ್ಕೋತಾರೆ. ಅದಕ್ಕೊಂದು ಲಕ್ಷ ತೆಗೆದಿಡ್ರಿ, ಆಗ ತಿಂಗಳಿಗೆ 19 ಸಾವಿರ ಆಗ್ತದೆ. ಕೊಳ್ಳೋರು ಇನ್ನೊಬ್ಬ ಬ್ಯಾಂಕ್ ಆಫೀಸರೋ ರೈಲ್ವೆಯವ್ರೋ ಆದ್ರೆ ಈ ಲಕ್ಷ ಉಳಿತದೆ, ಅದಕ್ಕೆ ಮಾರೋವಾಗ ಮೊದಲು ಅಂಥವರನ್ನೇ ಹುಡುಕ್ರಿ.

ಆದ್ರೂ 23,500ಕ್ಕೂ 19 ಸಾವಿರಕ್ಕೂ ನಾಲ್ಕೂವರೆ ಸಾವಿರ ವ್ಯತ್ಯಾಸ, ನಾಲ್ಕು ವರ್ಷಕ್ಕೆ ಎರಡು ಲಕ್ಷದ ಮೇಲೆ. ಬಿಎಚ್ ಸಿಗಲಿಲ್ಲ, ಕೆಎ ನಂಬರೇ ಗತಿ ಅಂದ್ರೆ ಇಲ್ಲಿನ ಟ್ಯಾಕ್ಸು, ಅಲ್ಲಿನ ಟ್ಯಾಕ್ಸು ಎರಡೂ ಸೇರಿ ತಿಂಗಳಿಗೆ 21 ಸಾವಿರಕ್ಕೆ ಬಂದು ನಿಲ್ತದೆ, ಓಡಾಟ ಬೇರೆ. ಆಗ ಸಬ್‌ಸ್ಕ್ರಿಪ್ಷನ್ ಬಗ್ಗೆ ಯೋಚನೆ ಮಾಡೋದ್ರಲ್ಲಿ ಅರ್ಥ ಐತೆ. ಅದಕ್ಕೇ ನಂಬರ್ ಪ್ಲೇಟೇ ಮೊದಲು ಅಂದಿದ್ದು.

ಸಬ್‌ಸ್ಕ್ರಿಪ್ಷನ್ ಯಾಕೆ ದುಬಾರಿ ಅಂದ್ರೆ ಒಂದು ಕಾರಣ ಜಿಎಸ್‌ಟಿ. ಬಾಡಿಗೆ ಮೇಲೂ ಆ ಕಾರಿಗೆ ಎಷ್ಟು ದರವೋ ಅಷ್ಟೇ ಜಿಎಸ್‌ಟಿ ಬೀಳ್ತದೆ, 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿಗೆ 18%, ದೊಡ್ಡದಕ್ಕೆ 40%. ಅಂದ್ರೆ ಕಂಪನಿಯವರ ಬಡ್ಡಿ, ಲಾಭ, ಅವ್ರು ಕಟ್ಟೋ ಇನ್ಶೂರೆನ್ಸ್ ಎಲ್ಲದರ ಮೇಲೂ ನೀವು ಜಿಎಸ್‌ಟಿ ಕಟ್ತೀರಿ. ದೊಡ್ಡ ಎಸ್‌ಯುವಿ ಆಸೆ ಇದ್ದೋರಿಗಂತೂ ಇದು ಜೋರಾಗೇ ತಾಗ್ತದೆ.

ಎರಡನೇದು ಅಗ್ರಿಮೆಂಟಿನ ಒಳಗಿನ ಮಾತು. ನಿಮ್ಮದ್ರಲ್ಲಿ ವರ್ಷಕ್ಕೆ ಎಷ್ಟು ಕಿಲೋಮೀಟರ್ ಅಂತ ಬರೆದಿದಾರೆ ನೋಡ್ರಿ. 15 ಸಾವಿರ ಅಂದ್ರೆ ತಿಂಗಳಿಗೆ 1,250. ಬಳ್ಳಾರಿಯಿಂದ ತೋರಣಗಲ್ಲಿಗೆ ಹೋಗಿಬರೋಕೆ ದಿನಕ್ಕೆ 60 ಕಿಲೋಮೀಟರ್ ದಾಟ್ತದೆ, ತಿಂಗಳಿಗೆ 25 ದಿನ ಓಡಿಸಿದ್ರೆ 1,500, ಊರಿಗೆ ಹೋಗೋದು, ಬೆಂಗಳೂರಿಗೆ ಹೋಗೋದು ಸೇರಿಸೋಕೆ ಮುಂಚೆನೇ ಲಿಮಿಟ್ ಮುಗೀತು. ಮೇಲಿನ ಪ್ರತಿ ಕಿಲೋಮೀಟರಿಗೆ ದುಡ್ಡು. ಕಂಪನಿ ಬಸ್ಸಿಗೆ ಹೋಗ್ತೀರಿ ಅಂದ್ರೆ ಬೇರೆ ಮಾತು.

ಇನ್ನೊಂದು ಕಾರು ವಾಪಸ್ ಕೊಡೋ ದಿನದ್ದು. ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ನಿಲ್ಲೋ ಕಾರಿಗೂ ಸಂಡೂರು-ಹೊಸಪೇಟೆ ರೋಡಲ್ಲಿ ಅದಿರು ಲಾರಿ ಹಿಂದೆ ಓಡೋ ಕಾರಿಗೂ ಬಹಳ ಫರಕ್ ಐತೆ. ಲಾರಿ ಚಕ್ರದಿಂದ ಚಿಮ್ಮಿದ ಕಲ್ಲು ಮುಂದಿನ ಗ್ಲಾಸಿಗೆ ಬಿದ್ದು ಸಾಸಿವೆ ಕಾಳಷ್ಟು ಚಿಪ್ಪು ಹಾರಿರ್ತದೆ, ಬಾನೆಟ್ ಮೇಲೆ ಚುಕ್ಕಿ ಚುಕ್ಕಿ ಪೇಂಟ್ ಹೋಗಿರ್ತದೆ, ಕೆಂಪು ಧೂಳು ಬಾಗಿಲಿನ ರಬ್ಬರ್ ಸಂದಿಯಲ್ಲಿ ಕೂತಿರ್ತದೆ, ಅದನ್ನ ಒಣ ಬಟ್ಟೆಯಿಂದ ಒರೆಸಿ ಒರೆಸಿ ಪೇಂಟ್ ಮೇಲೆ ಸಣ್ಣ ಗೀರು ಆಗಿರ್ತವೆ. ಸಹಜ ಸವೆತ ಅಂತ ಬಿಡೋದು ಯಾವುದು, ಡ್ಯಾಮೇಜ್ ಅಂತ ಡಿಪಾಸಿಟ್‌ನಲ್ಲಿ ಮುರಿಯೋದು ಯಾವುದು ಅಂತ ಅವರ ಹತ್ರ ಒಂದು ಪಟ್ಟಿ ಇರ್ತದೆ, ಸಹಿ ಹಾಕೋ ಮುಂಚೆ ಅದನ್ನ ಬರಹದಲ್ಲಿ ಕೇಳಿ ತಗೊಳ್ರಿ. ಕೊಡ್ಲಿಲ್ಲ ಅಂದ್ರೆ ಅಲ್ಲಿಗೇ ಬಿಟ್ಟು ಬನ್ರಿ.

ಅವ್ರು ಕೊಡೋದು ಬಿಳಿ ಪ್ಲೇಟಾ, ಹಳದಿ ಅಕ್ಷರದ ಕಪ್ಪು ಪ್ಲೇಟಾ ಅಂತಾನೂ ಕೇಳ್ರಿ. ಕಪ್ಪು ಪ್ಲೇಟ್ ಅಂದ್ರೆ ಬಾಡಿಗೆ ಗಾಡಿ, ಪರ್ಮಿಟ್ ಮೇಲೆ ಓಡೋದು. ನಮ್ಮ ಕಡೆ ಬಳ್ಳಾರಿಯಿಂದ ಸ್ವಲ್ಪ ಆಚೆ ಹೋದ್ರೆ ಆಂಧ್ರ, ರಾಯಚೂರಿನೋರಿಗೆ ಆಸ್ಪತ್ರೆ ಅಂದ್ರೆ ಹೈದರಾಬಾದು, ಹಂಗಾಗಿ ಪರ್ಮಿಟ್ ಯಾವ ಯಾವ ರಾಜ್ಯಕ್ಕೆ ಐತೆ ಅನ್ನೋದು ಮುಖ್ಯ. ಟ್ರಾನ್ಸ್‌ಫರ್ ಆದ ಊರಲ್ಲಿ ಅವರ ಶಾಖೆ ಇಲ್ಲದಿದ್ರೆ ಕಾರು ಅಲ್ಲಿಗೆ ಒಯ್ಯಬಹುದಾ, ಇಲ್ಲಾ ಮಧ್ಯದಲ್ಲಿ ಮುರಿದು ದಂಡ ಕಟ್ಟಿ ವಾಪಸ್ ಕೊಡಬೇಕಾ ಅನ್ನೋದೂ ಅಗ್ರಿಮೆಂಟಲ್ಲಿ ಇರ್ಲಿ. ಒಂದೂವರೆ ವರ್ಷದೊಳಗೆ ವಿದೇಶಕ್ಕೆ ಹೋಗೋದು ಗ್ಯಾರಂಟಿ ಇರೋರಿಗೆ ಮಾತ್ರ ನಾನು ಸಬ್‌ಸ್ಕ್ರಿಪ್ಷನ್ ತಗೊಳ್ರಿ ಅಂತ ಧೈರ್ಯವಾಗಿ ಹೇಳ್ತೀನಿ, ಯಾಕಂದ್ರೆ ಹೊಸ ಕಾರಿನ ಸವಕಳಿ ಜಾಸ್ತಿ ಆಗೋದೇ ಮೊದಲನೇ ವರ್ಷ.

ಎಚ್‌ಆರ್‌ನವರ ಲೀಸ್ ಬೇರೆ ತರದ್ದು. ಅದ್ರಲ್ಲಿ ಬಾಡಿಗೆ ನಿಮ್ಮ ಸಂಬಳದಿಂದ ಇನ್‌ಕಮ್ ಟ್ಯಾಕ್ಸಿಗಿಂತ ಮುಂಚೆನೇ ಕಟ್ ಆಗ್ತದೆ. ಹೊಸ ಪದ್ಧತಿಯಲ್ಲಿ ನಿಮ್ಮ ಕೊನೆ ಸ್ಲ್ಯಾಬ್ 20%, ಸೆಸ್ ಸೇರಿ 20.8%. ಅದೇ 23,500 ಬಾಡಿಗೆ ಅಂತಿಟ್ಕೊಂಡ್ರೆ ತಿಂಗಳಿಗೆ 4,900 ಉಳಿತದೆ, ಕಾರಿನ ಸೌಲಭ್ಯ ಅಂತ ಒಂದು ಸಣ್ಣ ಮೊತ್ತ ಆದಾಯಕ್ಕೆ ಸೇರಿಸ್ತಾರೆ, ಅದರ ಟ್ಯಾಕ್ಸ್ ತೆಗೆದ್ರೂ ನಿಮಗೆ ಬೀಳೋದು 19 ಸಾವಿರದ ಹತ್ರ. ಅಂದ್ರೆ ಬಿಎಚ್‌ಗೆ ಕೊಂಡಿದ್ದಕ್ಕೂ ಇದಕ್ಕೂ ಹೆಚ್ಚುಕಮ್ಮಿ ಸಮ. ಸಂಬಳ 30 ಲಕ್ಷದ ಹತ್ರ ಇದ್ದು 30% ಸ್ಲ್ಯಾಬಲ್ಲಿ ಇದ್ದಿದ್ರೆ ನಾನೇ ಲೀಸ್ ತಗೊಳ್ರಿ ಅಂತಿದ್ದೆ. ಸಮ ಇದ್ದಾಗ ನೋಡ್ಬೇಕಾದ್ದು ಕೆಲಸ ಬಿಟ್ರೆ ಏನು ಅನ್ನೋದು. ಎರಡನೇ ವರ್ಷದಲ್ಲಿ ಬೇರೆ ಕಂಪನಿ ಸಿಕ್ತು ಅಂದ್ರೆ ಉಳಿದ ಕಂತಿನ ದೊಡ್ಡ ಭಾಗ ಒಟ್ಟಿಗೇ ಕಟ್ಟಿ ಕಾರು ನೀವೇ ತಗೊಳ್ರಿ ಅಂತಾರೆ, ಇಲ್ಲಾ ದಂಡ ಕಟ್ಟಿ ಬಿಟ್ಟು ಹೋಗ್ರಿ ಅಂತಾರೆ. ನಿಮ್ಮ ಫೀಲ್ಡಲ್ಲಿ ಕಂಪನಿ ಬದಲಾಯಿಸೋದು ಮಾಮೂಲಿ, ಅದಕ್ಕೇ ನಾನು ಕೊಳ್ಳೋ ಕಡೆ ವಾಲಿದ್ದು. ಜೊತೆಗೆ ಆರ್‌ಸಿ ಲೀಸ್ ಕಂಪನಿ ಹೆಸರಲ್ಲಿದ್ರೆ ಅದಕ್ಕೆ ನಿಮ್ಮ ಲೆಕ್ಕದಲ್ಲಿ ಬಿಎಚ್ ನಂಬರ್ ಸಿಗಲ್ಲ.

ಫ್ರಿಜ್ಜು, ವಾಷಿಂಗ್ ಮಷೀನು, ಮಂಚಕ್ಕೂ ಇದೇ ತರ ಬಾಡಿಗೆ ಕಂಪನಿಗಳು ಇದಾವೆ, ಅವೆಲ್ಲಾ ದೊಡ್ಡ ಸಿಟಿಗಳ ಮಾತು. ನಮ್ಮ ಕಡೆ ಟ್ರಾನ್ಸ್‌ಫರ್ ಆಗಿ ಹೋಗೋರ ಹತ್ರ ಸೆಕೆಂಡ್ ಹ್ಯಾಂಡ್ ತಗೊಂಡು, ಹೋಗೋವಾಗ ಹಂಗೇ ಮಾರಿ ಹೋಗ್ರಿ.

ಕಾರಿಗೆ ಈಗ ಮಾಡಬೇಕಾದ್ದು ಇಷ್ಟು. ಬುಕ್ ಮಾಡೋ ಮುಂಚೆನೇ ಎಚ್‌ಆರ್ ಹತ್ರ ಫಾರ್ಮ್ 60 ಸಹಿ ಮಾಡಿಸಿಟ್ಕೊಳ್ರಿ, ಖಾಸಗಿ ನೌಕರರ ಬಿಎಚ್ ಅರ್ಜಿ ಈಗ ಹೆಂಗೆ ತಗೋತಿದಾರೆ ಅಂತ ಬಳ್ಳಾರಿ ಆರ್‌ಟಿಒದಲ್ಲಿ ಒಂದ್ಸಲ ಕೇಳಿಬನ್ರಿ, ಕರ್ನಾಟಕದಲ್ಲಿ ಈ ವಿಷಯ ಹೈಕೋರ್ಟ್ ತನಕ ಹೋಗಿತ್ತು. ಶೋರೂಮಿನವ್ರು ಬಿಎಚ್ ಎಲ್ಲಾ ಆಗಲ್ಲ ಸರ್ ಅಂತ ಸುಲಭಕ್ಕೆ ಕೆಎ ನಂಬರಿಗೇ ಟ್ಯಾಕ್ಸ್ ಕಟ್ಟಿಬಿಡ್ತಾರೆ, ಆಮೇಲೆ ಬದಲಾಯಿಸೋಕೆ 2022ರ ಡಿಸೆಂಬರಿನ ತಿದ್ದುಪಡಿಯಲ್ಲಿ ಅವಕಾಶ ಇದ್ರೂ ಅಲೆದಾಟ ನಿಮ್ಮದೇ ಆಗ್ತದೆ, ಹಂಗಾಗಿ ಬುಕಿಂಗ್ ಫಾರ್ಮಲ್ಲೇ ಬಿಎಚ್ ರಿಜಿಸ್ಟ್ರೇಷನ್ ಅಂತ ಬರೆಸಿ ಅದರ ಫೋಟೋ ಇಟ್ಕೊಳ್ರಿ. ಆಮೇಲೆ ಎರಡು ವರ್ಷದ ಟ್ಯಾಕ್ಸ್ ಮುಗಿಯೋ ತಾರೀಖನ್ನ ಮೊಬೈಲಲ್ಲಿ ಹಾಕ್ಕೊಳ್ರಿ, ಏಳು ದಿನ ದಾಟಿದ್ರೆ ದಿನಕ್ಕೆ 100 ರೂಪಾಯಿ ದಂಡ.